ಪಿಲ್ಲರ್ ಬುಡದಲ್ಲಿ ಜಲ್ಲಿ ಕಾಣುತ್ತಿದೆ, ಮುಂದಿನ ಕಂತು ಕಟ್ಟಬಹುದಾ?

ಪ್ರಶ್ನೆ: 12 ಮಹಡಿಯ ಅಪಾರ್ಟ್‌ಮೆಂಟ್‌ನಲ್ಲಿ 4ನೇ ಮಹಡಿಯ ಮನೆ ಬುಕ್ ಮಾಡಿದ್ದೇವೆ. 7ನೇ ಮಹಡಿಯ ಸ್ಲ್ಯಾಬ್ ಮುಗಿದಿದೆ, 15 ದಿನದೊಳಗೆ ಮುಂದಿನ ಕಂತು ಕಟ್ಟಿ ಅಂತ ಬಿಲ್ಡರ್ ಪತ್ರ ಕಳಿಸಿದ್ದಾರೆ. ಕಳೆದ ವಾರ ಸೈಟಿಗೆ ಹೋದಾಗ ನಮ್ಮ ಹಾಲ್ ಪಕ್ಕದ ಪಿಲ್ಲರ್ ಬುಡದಲ್ಲಿ ಬರೀ ಜಲ್ಲಿ ಕಾಣುತ್ತಿತ್ತು. ಸೈಟ್ ಎಂಜಿನಿಯರ್ ಅವರನ್ನು ಕೇಳಿದರೆ, "ಪ್ಲಾಸ್ಟರ್ ಆದಮೇಲೆ ಎಲ್ಲ ಮುಚ್ಚಿಹೋಗುತ್ತೆ ಸರ್, ಕ್ಯೂಬ್ ರಿಪೋರ್ಟ್ ಎಲ್ಲ ಪಾಸ್ ಆಗಿದೆ, ಬ್ಯಾಂಕಿನವರೂ ಬಂದು ನೋಡಿ ಹೋದರು" ಅಂದರು. ನನಗೆ ಕಟ್ಟಡದ ಕೆಲಸ ಏನೂ ಗೊತ್ತಿಲ್ಲ. ದುಡ್ಡು ಕಟ್ಟಲಾ? ಇನ್ನೊಂದು ಸಲ ಹೋದರೆ ಏನು ನೋಡಬೇಕು?

ಉತ್ತರ: ಆ ಎಂಜಿನಿಯರ್ ಹೇಳಿದ ಮೂರು ಮಾತೂ ಸುಳ್ಳಲ್ಲ. ಆದರೆ ಮೂರರಲ್ಲಿ ಒಂದೂ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ಪ್ಲಾಸ್ಟರ್ ಮುಚ್ಚುತ್ತದೆ, ನಿಜ. ಆದರೆ ಅದು ಹೆಚ್ಚೆಂದರೆ ಬೆರಳಿನ ದಪ್ಪದ ಗಾರೆ. ಕಟ್ಟಡದ ಹೊರೆಯಲ್ಲಿ ಅದು ಪಾಲು ತಗೊಳ್ಳುವುದಿಲ್ಲ. ಕ್ಯೂಬ್ ರಿಪೋರ್ಟ್ ಪಾಸ್ ಆಗಿರಬಹುದು. ಆದರೆ ಅದು ಲಾರಿಯಲ್ಲಿ ಬಂದ ಕಾಂಕ್ರೀಟ್ ಹೇಗಿತ್ತು ಅಂತ ಹೇಳುತ್ತದೆಯೇ ಹೊರತು, ಅದನ್ನು ನಿಮ್ಮ ಪಿಲ್ಲರಿಗೆ ಹೇಗೆ ತುಂಬಿದರು ಅಂತ ಹೇಳುವುದಿಲ್ಲ. ಇನ್ನು ಬ್ಯಾಂಕಿನವರು. ಅವರು ಕಳಿಸುವ ವ್ಯಕ್ತಿ ಮುಖ್ಯವಾಗಿ ನೋಡುವುದು ಪತ್ರದಲ್ಲಿ ಬರೆದಷ್ಟು ಕೆಲಸ ಆಗಿದೆಯಾ, ಸಾಲ ಕೊಡುವಷ್ಟು ಬೆಲೆ ಅಲ್ಲಿ ನಿಂತಿದೆಯಾ ಅನ್ನುವುದನ್ನು. ಸ್ಲ್ಯಾಬ್ ಎಣಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಪಿಲ್ಲರ್ ಬುಡಕ್ಕೆ ಬಗ್ಗಿ ಟಾರ್ಚ್ ಬಿಡುವುದು ಅವರ ಕೆಲಸ ಅಲ್ಲ.

ನೀವು ಸರಿಯಾದ ಹೊತ್ತಿಗೆ ನೋಡಿದ್ದೀರಿ. ಟೈಲ್ಸ್, ಬಾಗಿಲು, ಬಣ್ಣ, ನಲ್ಲಿ, ಇವೆಲ್ಲ ಕೀ ತಗೊಳ್ಳುವ ದಿನವೂ ಕಣ್ಣೆದುರಿಗೇ ಇರುತ್ತವೆ. ಆಗ ಜಗಳ ಆಡಬಹುದು. ಪಿಲ್ಲರ್, ಬೀಮ್, ಸ್ಲ್ಯಾಬಿನ ತಳ ಹಾಗಲ್ಲ. ಅವು ಬರಿಮೈಯಲ್ಲಿ ಇರುವುದು ಕೆಲವು ವಾರ ಮಾತ್ರ. ಅದಕ್ಕೇ ಕಂತು ಕಟ್ಟುವ ಮುಂಚೆ ಸೈಟಿಗೆ ಹೋಗುವವರಿಗೆ ನಾನು ಒಂದೇ ಪ್ರಶ್ನೆ ಹೇಳಿಕೊಡುತ್ತೇನೆ: ಮುಂದಿನ ಕೆಲಸ ಯಾವುದನ್ನು ಮುಚ್ಚಲಿದೆ? ಅದನ್ನು ಇವತ್ತು ನೋಡಿ. ಉಳಿದದ್ದು ಆಮೇಲೆ.

ಆ ಜಲ್ಲಿ ಯಾಕೆ ಕಾಣುತ್ತದೆ

ಕಾಂಕ್ರೀಟಿನಲ್ಲಿ ಜಲ್ಲಿಗಳ ನಡುವಿನ ಸಂದನ್ನು ಮರಳು, ಸಿಮೆಂಟು, ನೀರು ಸೇರಿದ ರಾಡಿ ತುಂಬಬೇಕು. ತುಂಬದೇ ಹೋದರೆ ಜೇನುಗೂಡಿನ ಹಾಗೆ ತೂತು ತೂತಾಗಿ ಉಳಿಯುತ್ತದೆ. ಸೈಟಿನಲ್ಲಿ ಇದನ್ನು ಹನಿಕೂಂಬ್ ಅನ್ನುತ್ತಾರೆ.

ಇದು ಪಿಲ್ಲರಿನ ಬುಡದಲ್ಲೇ ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಪಿಲ್ಲರ್ ಅಂದರೆ ಸುಮಾರು ಮೂರು ಮೀಟರ್ ಎತ್ತರದ ಕಿರಿದಾದ ಪೆಟ್ಟಿಗೆ, ಒಳಗೆ ತುಂಬ ಕಂಬಿ. ಮೇಲಿಂದ ಒಂದೇ ಸಲ ಕಾಂಕ್ರೀಟ್ ಸುರಿದರೆ ಅದು ಕಂಬಿಗೆ ಬಡಿದು ಬಡಿದು ಕೆಳಗೆ ಬರುವಷ್ಟರಲ್ಲಿ ಜಲ್ಲಿ ಬೇರೆ, ರಾಡಿ ಬೇರೆ ಆಗಿರುತ್ತದೆ. ಕೆಳಗಿನ ಸೆಂಟ್ರಿಂಗ್ ಹಲಗೆಗೂ ನೆಲಕ್ಕೂ ನಡುವೆ ಸಂದು ಇದ್ದರೆ ಆ ರಾಡಿ ಅಲ್ಲಿಂದ ಸೋರಿಹೋಗುತ್ತದೆ. ಮೇಲೆ ನಿಂತವನು ಕಾಂಕ್ರೀಟನ್ನು ಅದುರಿಸಿ ಗಾಳಿ ಹೊರಹಾಕುವ ವೈಬ್ರೇಟರ್ ಸೂಜಿಯನ್ನು ಬುಡದ ತನಕ ಇಳಿಸದಿದ್ದರೆ ಉಳಿದ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರರಲ್ಲಿ ಎರಡು ಸೇರಿದರೆ ಸಾಕು, ನೀವು ನೋಡಿದಂಥ ಬುಡ ತಯಾರು.

ಕ್ಯೂಬ್ ಹೇಗೆ ಪಾಸ್ ಆಗುತ್ತದೆ ಅನ್ನುವುದೂ ಈಗ ಅರ್ಥ ಆಗುತ್ತೆ. ಕ್ಯೂಬ್ ಅಂದರೆ 150 ಮಿ.ಮೀ. ಉದ್ದ, ಅಗಲ, ಎತ್ತರದ ಕಬ್ಬಿಣದ ಅಚ್ಚು. ಒಳಗೆ ಕಂಬಿ ಇಲ್ಲ, ಹಲಗೆಯ ಸಂದಿಲ್ಲ. ಅದೇ ಕಾಂಕ್ರೀಟನ್ನು ಅದಕ್ಕೆ ತುಂಬಿ, ಚೆನ್ನಾಗಿ ಕುಟ್ಟಿ, ನೀರಿನ ತೊಟ್ಟಿಯಲ್ಲಿ ಇಟ್ಟು, ಆಮೇಲೆ ಮಿಷನ್‌ನಲ್ಲಿ ಒತ್ತಿ ಒಡೆಯುತ್ತಾರೆ. ಅಷ್ಟು ಆರೈಕೆ ಪಿಲ್ಲರಿಗೆ ಸಿಕ್ಕಿತಾ ಅನ್ನುವುದೇ ಪ್ರಶ್ನೆ ಅಲ್ವಾ?

ಹಾಗಂತ ಹೆದರಬೇಡಿ. ಒಂದು ಪಿಲ್ಲರಿನ ಒಂದು ಮೂಲೆಯಲ್ಲಿ ಹನಿಕೂಂಬ್ ಆದರೆ ಕಟ್ಟಡ ನಾಳೆ ಬೀಳುತ್ತದೆ ಅಂತಲ್ಲ. ಎಷ್ಟೇ ಒಳ್ಳೆಯ ಸೈಟಿನಲ್ಲೂ ಅಲ್ಲೊಂದು ಇಲ್ಲೊಂದು ಆಗುತ್ತದೆ. ಒಳ್ಳೆಯ ಸೈಟಿಗೂ ಕೆಟ್ಟ ಸೈಟಿಗೂ ವ್ಯತ್ಯಾಸ ಇರುವುದು ಆದಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ. ಒಬ್ಬರು ಬರೆದಿಟ್ಟು, ಒಡೆದು, ಸರಿಮಾಡುತ್ತಾರೆ. ಇನ್ನೊಬ್ಬರು ಸಿಮೆಂಟ್ ಹಾಲು ಬಳಿಯುತ್ತಾರೆ.

ಬಿಟ್ಟರೆ ಏನಾಗುತ್ತೆ ಅಂದರೆ, ಎರಡು ತೊಂದರೆ. ಒಂದು, ಹೊರೆ ಹೊರುವ ಕಾಂಕ್ರೀಟ್ ಅಷ್ಟು ಜಾಗದಲ್ಲಿ ಕಡಿಮೆ ಆಗುತ್ತದೆ. ಎರಡು, ಒಳಗಿನ ಕಂಬಿಗೆ ಗಾಳಿ ನೀರು ತಾಗುತ್ತದೆ. ಸಿಮೆಂಟಿನ ಕ್ಷಾರ ಗುಣವೇ ಕಂಬಿಯನ್ನು ತುಕ್ಕಿನಿಂದ ಕಾಪಾಡುವುದು. ಅದು ಸುತ್ತ ಇಲ್ಲದಿದ್ದರೆ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಊದುತ್ತದೆ, ಊದಿ ಹೊರಗಿನ ಕಾಂಕ್ರೀಟನ್ನು ಸಿಡಿಸುತ್ತದೆ. ಇದಕ್ಕೆ ವರ್ಷಗಳೇ ಬೇಕು. ಅಷ್ಟು ಹೊತ್ತಿಗೆ ನೀವು ಮನೆ ಸೇರಿರುತ್ತೀರಿ, ಬಿಲ್ಡರ್ ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ಸರಿಮಾಡಲು ಈಗಲೇ ಒಳ್ಳೆಯ ಸಮಯ ಅನ್ನುವುದಕ್ಕೆ ಇನ್ನೊಂದು ಲೆಕ್ಕ ಇದೆ. ನಿಮ್ಮ ಮನೆಯ ಆ ಪಿಲ್ಲರ್ ಈಗ ಹೊತ್ತಿರುವುದು 5, 6, 7ನೇ ಮಹಡಿಯ ಮೂರು ಸ್ಲ್ಯಾಬ್‌ಗಳನ್ನು. 12 ಮಹಡಿಯೂ ಎದ್ದು, ತಾರಸಿಯೂ ಆದಮೇಲೆ ಒಂಬತ್ತು ಸ್ಲ್ಯಾಬ್, ಜೊತೆಗೆ ಗೋಡೆ, ಟೈಲ್ಸ್, ನೀರಿನ ಟ್ಯಾಂಕ್, ಜನ. ಬುಡ ಒಡೆದು ಕಟ್ಟುವ ಕೆಲಸವನ್ನು ಮೂರು ಸ್ಲ್ಯಾಬ್ ಇದ್ದಾಗ ಮಾಡುವುದು ಸುಲಭ. ಒಂಬತ್ತು ಬಂದಮೇಲೆ ಅದೇ ಕೆಲಸಕ್ಕೆ ಬೀಮ್‌ಗಳಿಗೆ ಭಾರಿ ಆಸರೆ ಬೇಕಾಗುತ್ತದೆ.

ಮೇಲುಮೇಲಿನದೋ, ಒಳಗಿನದೋ

ಇನ್ನೊಮ್ಮೆ ಹೋಗುವಾಗ ಟಾರ್ಚ್, ಟೇಪು, ಹಳೆಯ ಕೀ ಒಂದು, ಪೆನ್ಸಿಲ್, ಒಂದು ವಿಸಿಟಿಂಗ್ ಕಾರ್ಡ್ ಇಟ್ಟುಕೊಳ್ಳಿ. ಮೊದಲೇ ಹೇಳಿ, ಒಪ್ಪಿಗೆ ತಗೊಂಡು, ಹೆಲ್ಮೆಟ್ ಹಾಕಿಕೊಂಡು, ಗಟ್ಟಿ ಶೂ ಹಾಕಿಕೊಂಡು ಹೋಗಿ. ಸೆಂಟ್ರಿಂಗ್ ಬಿಚ್ಚುತ್ತಿರುವ ಮಹಡಿಗೆ ಕಾಲಿಡಬೇಡಿ.

ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ಪಿಲ್ಲರಿನ ಮೈಗೆ ಒರಗಿಸಿ, ಬೆಳಕು ಉದ್ದಕ್ಕೂ ಸವರಿಕೊಂಡು ಹೋಗುವ ಹಾಗೆ ಬಿಡಿ. ಉಬ್ಬು, ತಗ್ಗು, ತೇಪೆ ಎಲ್ಲ ನೆರಳಾಗಿ ಎದ್ದು ಕಾಣುತ್ತದೆ. ಸಾಸಿವೆ, ಕಡಲೆಕಾಳಿನ ಗಾತ್ರದ ಒಂಟಿ ಒಂಟಿ ತೂತುಗಳು ಇದ್ದರೆ ಅದು ಗಾಳಿಗುಳ್ಳೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜಲ್ಲಿಗೆ ಜಲ್ಲಿ ತಾಗಿಕೊಂಡು ನಡುವೆ ಕತ್ತಲೆ ಸಂದು ಇದ್ದರೆ ಅದು ಹನಿಕೂಂಬ್. ಆ ಸಂದಿಗೆ ಕೀ ತುದಿ ತೂರಿಸಿ ನೋಡಿ. ಅರ್ಧ ಸೆಂಟಿಮೀಟರ್ ಒಳಗೆ ಗಟ್ಟಿ ಸಿಕ್ಕಿದರೆ ಮೇಲುಮೇಲಿನದು. ಎರಡು ಮೂರು ಸೆಂಟಿಮೀಟರ್ ಒಳಗೆ ಹೋದರೆ ಅಥವಾ ಟಣ್ ಅಂತ ಕಬ್ಬಿಣ ತಾಗಿದರೆ ವಿಷಯ ಬೇರೆ. ಪಿಲ್ಲರಿನಲ್ಲಿ ಕಂಬಿಯ ಹೊರಗೆ ಸಾಮಾನ್ಯವಾಗಿ 40 ಮಿ.ಮೀ. ಕಾಂಕ್ರೀಟ್ ಇರಬೇಕು. ಇದನ್ನು ಕವರ್ ಅನ್ನುತ್ತಾರೆ. ಕೀಗೆ ಕಂಬಿ ಸಿಕ್ಕಿತು ಅಂದರೆ ಆ ಜಾಗದಲ್ಲಿ ಕವರ್ ಕೆಲಸ ಮಾಡುತ್ತಿಲ್ಲ.

ಬುಡದಲ್ಲಿ ಅಂಗೈ ಅಗಲದ ಜಾಗ ಮಾತ್ರ ಕಡುಬೂದಿ ಬಣ್ಣದಲ್ಲಿ, ಬ್ರಷ್ ಗೆರೆ ಸಮೇತ ನುಣ್ಣಗಿದ್ದರೆ ಅನುಮಾನ ಪಡಿ. ಕೀಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಾಂಕ್ರೀಟ್ ಠಣ್ ಅನ್ನುತ್ತದೆ, ಕೆಳಗೆ ಟೊಳ್ಳಿದ್ದರೆ ಬೊದ್ ಅಂತ ಮಂಕು ಸದ್ದು. ಕಲ್ಲಂಗಡಿ ತಟ್ಟಿ ನೋಡಿದವರಿಗೆಲ್ಲ ಈ ಕಿವಿ ಇರುತ್ತೆ. ಆದರೆ ನೀವೇ ಉಳಿ ಸುತ್ತಿಗೆ ಹಿಡಿದು ಒಡೆಯಲು ಹೋಗಬೇಡಿ. ಆಮೇಲೆ ಹಾಳುಮಾಡಿದ್ದು ನೀವೇ ಅನ್ನುತ್ತಾರೆ.

ನಿಮ್ಮ ಮನೆಯೊಳಗಿನ ಪಿಲ್ಲರ್ ಮಾತ್ರ ನೋಡಿ ವಾಪಸ್ ಬರಬೇಡಿ. ಹೆಚ್ಚಿನವರು ಮಾಡುವ ತಪ್ಪು ಇದೇ. ನಿಮ್ಮ ಮನೆ ನಿಂತಿರುವುದು ಅದರ ಕೆಳಗಿನ ಪಿಲ್ಲರ್‌ಗಳ ಮೇಲೆ. ಅದೇ ಸಾಲಿನ ಪಿಲ್ಲರಿನ ನಂಬರ್ ಕೇಳಿಕೊಂಡು ಪಾರ್ಕಿಂಗ್ ತನಕ ಇಳಿದು, ಪ್ರತಿ ಮಹಡಿಯಲ್ಲೂ ಬುಡ ನೋಡಿ. ಜೊತೆಗೆ ಪಿಲ್ಲರಿನ ನೆತ್ತಿ, ಅಂದರೆ ಬೀಮ್ ಬಂದು ಸೇರುವ ಜಾಗ. ಅಲ್ಲಿ ಎರಡು ಮೂರು ಕಡೆಯಿಂದ ಕಂಬಿ ಬಂದು ಹೆಣೆದುಕೊಂಡಿರುತ್ತದೆ, ವೈಬ್ರೇಟರ್ ಇಳಿಸಲು ಜಾಗ ಇರುವುದಿಲ್ಲ. ಅಲ್ಲಿನ ಹನಿಕೂಂಬ್ ಬುಡದ್ದಕ್ಕಿಂತ ಗಂಭೀರ. ಒಂದೇ ಪಿಲ್ಲರಿನಲ್ಲಿ ಕಂಡರೆ ಅದೊಂದು ಎಡವಟ್ಟು. ಮಹಡಿ ಮಹಡಿಯಲ್ಲೂ ಕಂಡರೆ ಆ ತಂಡಕ್ಕೆ ಕೆಲಸವೇ ಬರುವುದಿಲ್ಲ ಅಂತ ಅರ್ಥ.

ಒಂದು ಪಿಲ್ಲರಿನ ಕಥೆ

ಕೆಲವು ವರ್ಷಗಳ ಹಿಂದೆ ಪರಿಚಯದ ಒಬ್ಬರು ನನ್ನನ್ನು ಇಂಥದ್ದೇ ಸೈಟಿಗೆ ಕರೆದುಕೊಂಡು ಹೋಗಿದ್ದರು. ಅವರದ್ದು 3ನೇ ಮಹಡಿ. ಅವರ ಅಡುಗೆಮನೆ ಮೂಲೆಯ ಪಿಲ್ಲರ್ ನೋಡಲು ಲಕ್ಷಣವಾಗಿತ್ತು. ಬುಡದಲ್ಲಿ ಮಾತ್ರ ಸುಮಾರು 20 ಸೆಂ.ಮೀ. ಎತ್ತರಕ್ಕೆ ಬಣ್ಣ ಸ್ವಲ್ಪ ಗಾಢ. ತಟ್ಟಿದರೆ ಮಂಕು ಸದ್ದು. ಮೂಲೆಯಲ್ಲಿ ಕೀ ಒತ್ತಿದೆ, ಬಳಿದಿದ್ದ ಸಿಮೆಂಟ್ ಪದರ ಹಪ್ಪಳದ ಹಾಗೆ ಮುರಿದು, ಕೀ ಅರ್ಧ ಒಳಗೆ ಹೋಯಿತು.

ಸೈಟ್ ಆಫೀಸಿನಲ್ಲಿ ಕ್ಯೂಬ್ ರಿಪೋರ್ಟ್ ತೆಗೆದು ತೋರಿಸಿದರು. ಎಂ30 ಕಾಂಕ್ರೀಟ್, ಅಂದರೆ 28 ದಿನಕ್ಕೆ ಒಂದು ಚದರ ಮಿಲಿಮೀಟರಿಗೆ 30 ನ್ಯೂಟನ್ ತಡೆಯಬೇಕು. ರಿಪೋರ್ಟಿನಲ್ಲಿ 36 ಇತ್ತು. ನಾನು ಆ ಕಾಗದವನ್ನು ನಂಬಿದೆ. ಈಗಲೂ ನಂಬುತ್ತೇನೆ. ಕಾಂಕ್ರೀಟ್ ಚೆನ್ನಾಗಿಯೇ ಬಂದಿತ್ತು, ತುಂಬಿದ್ದು ಕೆಟ್ಟದಾಗಿತ್ತು.

ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ ಅಂತ ಬರೆದುಕೊಟ್ಟೆವು. ಪಿಲ್ಲರಿನ ಒಂದು ಮೈಯಿಂದ ಶಬ್ದದ ಅಲೆ ಕಳಿಸಿ, ಎದುರು ಮೈಗೆ ಎಷ್ಟು ಬೇಗ ತಲುಪುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಗಟ್ಟಿ ಕಾಂಕ್ರೀಟಿನಲ್ಲಿ ಅಲೆ ವೇಗವಾಗಿ ಹೋಗುತ್ತದೆ, ಟೊಳ್ಳಿದ್ದರೆ ಸುತ್ತಿ ಬರಬೇಕಾಗಿ ತಡವಾಗುತ್ತದೆ. ಎಂ30 ಕಾಂಕ್ರೀಟಿನಲ್ಲಿ ಸೆಕೆಂಡಿಗೆ 3.75 ಕಿ.ಮೀ.ಗಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ಒಳ್ಳೆಯದು, ಅದಕ್ಕಿಂತ ಕಡಿಮೆ ಆದರೆ ಅನುಮಾನ. ಆ ಪಿಲ್ಲರಿನ ನಡುವಿನಲ್ಲಿ 4.1 ಬಂತು. ಬುಡದಲ್ಲಿ 2.6.

ಆಮೇಲೆ ಬಿಲ್ಡರ್ ಕಡೆಯವರೇ ಡಿಸೈನ್ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದರು. ಎರಡೂ ಕಡೆಯ ಬೀಮಿಗೆ ಆಸರೆ ಕೊಟ್ಟು ಬುಡ ಒಡೆದರು. ಸುಮಾರು 70 ಮಿ.ಮೀ. ಒಳಗೆ ಹೋದಮೇಲೆ ಗಟ್ಟಿ ಕಾಂಕ್ರೀಟ್ ಸಿಕ್ಕಿತು. ಕಂಬಿಯ ಹಿಂದೆ ಒಂದು ಹಿಡಿ ಮರದ ಹೊಟ್ಟು ಮತ್ತು ಕಟ್ಟುತಂತಿಯ ಮುದ್ದೆ! ಸೆಂಟ್ರಿಂಗ್ ಮುಚ್ಚುವ ಮುಂಚೆ ಬುಡ ಗುಡಿಸಿರಲಿಲ್ಲ, ಅಷ್ಟೇ. ತೊಳೆದು, ಹಲಗೆ ಕಟ್ಟಿ, ಕುಗ್ಗದ ಮೈಕ್ರೋ ಕಾಂಕ್ರೀಟ್ ಹುಯ್ದರು. ಒಂದು ವಾರ ಒದ್ದೆ ಇಟ್ಟರು. ಮತ್ತೆ ಅಳೆದಾಗ 3.9. ಒಟ್ಟು 18 ದಿನ ಹಿಡಿಯಿತು. ಕಂತು ಕೊನೆಯ ದಿನ ದಾಟಿ ಹೋಗಿತ್ತು, ಆದರೆ ಗಡುವಿಗೆ ಮುಂಚೆಯೇ ಇಮೇಲ್ ಹೋಗಿದ್ದರಿಂದ ತಡದ ಬಡ್ಡಿ ಹಾಕಲಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ ಭೇಟಿಯಲ್ಲಿ ತಲೆ ಎತ್ತಿ ನೋಡಿ

ನಿಮ್ಮಿಂದ ದುಡ್ಡು ಕೇಳಿರುವುದು ಸ್ಲ್ಯಾಬಿಗೆ. ಹಾಗಾಗಿ ಸ್ಲ್ಯಾಬಿನ ತಳವನ್ನೂ ನೋಡಿ. ಅಡ್ಡಡ್ಡ, ಉದ್ದುದ್ದ ಕಂಬಿಯ ಗೆರೆಗಳು ಚೌಕಳಿಯಾಗಿ ಕಾಣುತ್ತಿದ್ದರೆ ಕವರ್ ಸಾಲದು ಅಂತ ಅರ್ಥ. ಸ್ಲ್ಯಾಬಿಗೆ ಕನಿಷ್ಠ 20 ಮಿ.ಮೀ. ಬೇಕು. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿಲ್ಲ, ಅಥವಾ ಇಟ್ಟಿದ್ದನ್ನು ತುಳಿದು ಬೀಳಿಸಿದ್ದಾರೆ. ಅಲ್ಲಲ್ಲಿ ಚುಕ್ಕೆ ಚುಕ್ಕೆ ತುಕ್ಕಿನ ಕಲೆ ಇದ್ದರೆ ಅದು ಬಿದ್ದ ಕಟ್ಟುತಂತಿಯ ತುಂಡು ಇರಬಹುದು, ದೊಡ್ಡದಲ್ಲ. ಉದ್ದ ಗೆರೆಯಾಗಿ ತುಕ್ಕು ಕಂಡರೆ ಕೇಳಿ.

ಇನ್ನೊಂದು, ಆಸರೆ. ಹೊಸ ಸ್ಲ್ಯಾಬ್ ಹಸಿ ಇರುವಾಗ ಅದರ ತೂಕ ಪ್ರಾಪ್‌ಗಳ, ಅಂದರೆ ಆಸರೆ ಕಂಬಗಳ ಮೂಲಕ ಕೆಳಗಿನ ಮಹಡಿಗಳಿಗೆ ಇಳಿಯುತ್ತದೆ. ಆ ಕೆಳಗಿನ ಸ್ಲ್ಯಾಬ್ ಕೂಡ ಎಳೆಯದೇ. ಹೊರಗೆ ತೀರಾ ಚಳಿ ಇಲ್ಲದಿದ್ದರೆ, ಸಾಮಾನ್ಯ ಸಿಮೆಂಟಿನಲ್ಲಿ ಚಿಕ್ಕ ಕೋಣೆಯ ಸ್ಲ್ಯಾಬಿನ ಪ್ರಾಪ್ ತೆಗೆಯಲು 7 ದಿನ, ನಾಲ್ಕೂವರೆ ಮೀಟರಿಗಿಂತ ಅಗಲವಾದರೆ 14 ದಿನ, ಆರು ಮೀಟರಿಗಿಂತ ಉದ್ದದ ಬೀಮಿಗೆ 21 ದಿನ ಅನ್ನುವುದು ನಮ್ಮಲ್ಲಿ ರೂಢಿಯ ಲೆಕ್ಕ. 7ನೇ ಮಹಡಿ ಸ್ಲ್ಯಾಬ್ ಯಾವ ದಿನ ಹಾಕಿದರು ಅಂತ ಕೇಳಿ. ಹಾಕಿ ಮೂರು ದಿನ ಆಗಿದೆ, ಕೆಳಗೆ ಒಂದೂ ಪ್ರಾಪ್ ಇಲ್ಲ, ಎಲ್ಲ ಮೇಲಕ್ಕೆ ಸಾಗಿಸಿದ್ದಾರೆ ಅಂದರೆ ಅದು ಅವಸರದ ಸೈಟು. ಕೆಲವು ಹೊಸ ಬಗೆಯ ಅಲ್ಯೂಮಿನಿಯಂ ಸೆಂಟ್ರಿಂಗ್‌ನಲ್ಲಿ ಹಲಗೆ ಬೇಗ ಬಿಚ್ಚಿದರೂ ಪ್ರಾಪ್‌ಗಳನ್ನು ಹಾಗೇ ಬಿಡುತ್ತಾರೆ, ಅದು ಸರಿಯಾದ ಕ್ರಮವೇ.

ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆ ಇಡುವ ಕೆಲಸ. ಅದನ್ನು ನೋಡುವುದು ತುಂಬ ಸುಲಭ. ಹೊಸ ಪಿಲ್ಲರಿಗೆ ಸುತ್ತಿದ ಗೋಣಿಯನ್ನು ಮಧ್ಯಾಹ್ನ ಮೂರು ಗಂಟೆಗೆ ಮುಟ್ಟಿ. ಬೆಳಗ್ಗೆ ಎಲ್ಲರ ಗೋಣಿಯೂ ಒದ್ದೆಯೇ. ಮಧ್ಯಾಹ್ನ ಕೈಗೆ ತಂಪು ತಾಗಬೇಕು. ಒಣಗಿ ಗರಿಗರಿ ಆಗಿದ್ದರೆ ಗೋಣಿ ಬರೀ ಅಲಂಕಾರಕ್ಕೆ. ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ 10 ದಿನವಾದರೂ ಒದ್ದೆ ಇರಬೇಕು. ನೀರು ಕಾಣದ ಕಾಂಕ್ರೀಟಿನ ಮೈ ಕೀಯಿಂದ ಗೀರಿದರೆ ಬಿಳಿ ಪುಡಿ ಉದುರುತ್ತದೆ.

ಬಿರುಕಿನ ವಿಷಯಕ್ಕೆ ಜನ ಹೆದರುವುದು ಜಾಸ್ತಿ, ಅದೂ ತಪ್ಪು ಬಿರುಕಿಗೆ. ಸ್ಲ್ಯಾಬಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಚಿಕ್ಕ ಚಿಕ್ಕ ಬಿರುಕು ಹೆಚ್ಚಾಗಿ ಹಾಕಿದ ಮೊದಲ ಕೆಲವು ಗಂಟೆಯಲ್ಲಿ ಬಿಸಿಲು ಗಾಳಿಗೆ ನೀರು ಬೇಗ ಆರಿ ಬಂದದ್ದು. ನಾನು ನೋಡಲು ಹೇಳುವುದು ಬೀಮಿನ ಬಿರುಕನ್ನು. ಪಿಲ್ಲರಿನ ಹತ್ತಿರ ಓರೆಯಾಗಿ ಹತ್ತಿದ ಬಿರುಕು, ಬೀಮಿನ ನಡುವೆ ತಳದಿಂದ ಮೇಲಕ್ಕೆ ಎದ್ದ ಬಿರುಕು, ಇವೆರಡಕ್ಕೂ ಉತ್ತರ ಬೇಕು. ವಿಸಿಟಿಂಗ್ ಕಾರ್ಡಿನ ದಪ್ಪ ಸುಮಾರು 0.3 ಮಿ.ಮೀ. ಅದರ ಅಂಚು ಬಿರುಕಿನೊಳಗೆ ಇಳಿದರೆ ಎಂಜಿನಿಯರ್ ಬಂದು ನೋಡಲೇಬೇಕು. ಇಳಿಯದಿದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ, ತಾರೀಖು ಬರೆದು ಬನ್ನಿ. ಮುಂದಿನ ಸಲ ಗೆರೆ ದಾಟಿದೆಯಾ ನೋಡಿದರೆ ಸಾಕು.

ಕಾಗದ ಕೇಳುವಾಗ

ಕ್ಯೂಬ್ ರಿಪೋರ್ಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಕೇಳಿ, ಆದರೆ ತಾರೀಖು ಓದಿ. ಸ್ಲ್ಯಾಬ್ ಹಾಕಿದ್ದು 3ನೇ ತಾರೀಖು ಅಂದುಕೊಳ್ಳಿ. 28 ದಿನದ ಕ್ಯೂಬ್ ಒಡೆಯುವುದು 31ಕ್ಕೆ. ನಿಮಗೆ 20ನೇ ತಾರೀಖಿಗೇ "28 ದಿನದ ರಿಪೋರ್ಟ್ ಪಾಸ್" ಅಂತ ಕಾಗದ ತೋರಿಸಿದರೆ ಅದು ಬೇರೆ ಯಾವುದೋ ಸ್ಲ್ಯಾಬಿನದ್ದು. ಆ ಹೊತ್ತಿಗೆ ಸಿಗಬಹುದಾದದ್ದು 7 ದಿನದ ರಿಪೋರ್ಟ್ ಮಾತ್ರ. ಅದರಲ್ಲಿ ಪೂರ್ತಿ ಶಕ್ತಿಯ ಮೂರರಲ್ಲಿ ಎರಡು ಪಾಲು ಬಂದಿದ್ದರೆ ಸರಿಯಾದ ದಾರಿಯಲ್ಲಿದೆ ಅಂತ.

ಕ್ಯೂಬಿಗಿಂತ ನನಗೆ ಇಷ್ಟವಾದ ಕಾಗದ ಪೋರ್ ಕಾರ್ಡ್. ಕಾಂಕ್ರೀಟ್ ಹಾಕುವ ಮುಂಚೆ ಕಂಬಿ ನೋಡಿದೆವು, ಕವರ್ ನೋಡಿದೆವು, ಸೆಂಟ್ರಿಂಗ್ ಒಳಗೆ ಗುಡಿಸಿದೆವು ಅಂತ ಸಹಿ ಹಾಕುವ ಒಂದು ಹಾಳೆ. ಮಹಡಿಗೊಂದು, ಬೇರೆ ಬೇರೆ ಪೆನ್ನಿನಲ್ಲಿ, ಮಣ್ಣಿನ ಕೈ ಗುರುತು ಸಮೇತ ಇದ್ದರೆ ಖುಷಿಪಡಿ. ಏಳು ಮಹಡಿಯದ್ದೂ ಒಂದೇ ಪೆನ್ನು, ಒಂದೇ ಕೈ, ಹೊಸ ಹಾಳೆ ಆಗಿದ್ದರೆ ನೀವು ಬರುತ್ತೀರಿ ಅಂತ ನಿನ್ನೆ ರಾತ್ರಿ ಬರೆದದ್ದಿರಬಹುದು.

ಈಗ ದುಡ್ಡಿನ ಮಾತು

ಸುಮ್ನೆ ಕಟ್ಟಿಬಿಡುವುದು ಒಂದು ದಾರಿ. ನೆಮ್ಮದಿ ಸಿಗುತ್ತದೆ, ಆದರೆ ಪ್ಲಾಸ್ಟರ್ ಆದಮೇಲೆ ನಿಮ್ಮ ಹತ್ತಿರ ಫೋಟೋ ಬಿಟ್ಟು ಏನೂ ಉಳಿಯುವುದಿಲ್ಲ.

ಸುಮ್ನೆ ಕಟ್ಟದೇ ಕೂರುವುದು ಇನ್ನೊಂದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಂತು ಬರುವುದು ಹಂತ ಮುಗಿದದ್ದಕ್ಕೆ, ಹಂತ ಚೆನ್ನಾಗಿ ಮುಗಿದದ್ದಕ್ಕೆ ಅಂತ ಬರೆದಿರುವುದಿಲ್ಲ. ಸ್ಲ್ಯಾಬ್ ಬಿದ್ದಿದೆ, ಗಡುವು ದಾಟಿದೆ ಅಂದರೆ ತಪ್ಪು ನಿಮ್ಮ ತಲೆ ಮೇಲೆ. ಬಡ್ಡಿ ಬೀಳುತ್ತದೆ, ಕೆಲವು ಒಪ್ಪಂದದಲ್ಲಿ ಬುಕಿಂಗ್ ರದ್ದು ಮಾಡುವ ಷರತ್ತೂ ಇರುತ್ತದೆ. ಇವತ್ತೇ ನಿಮ್ಮ ಒಪ್ಪಂದ ತೆಗೆದು ಆ ಎರಡು ಷರತ್ತು ಓದಿ.

ನಾನು ನಿಮ್ಮ ಜಾಗದಲ್ಲಿದ್ದರೆ ಗಡುವಿನ ಒಳಗೆ ಬರೆಯುತ್ತೇನೆ. ಇಮೇಲ್ ಚಿಕ್ಕದಿರಲಿ, ಕೋಪ ಬೇಡ. ಹೀಗೆ ಸಾಕು: "4ನೇ ಮಹಡಿ, ಇಂಥ ನಂಬರ್ ಪಿಲ್ಲರಿನ ಬುಡದಲ್ಲಿ ಇಷ್ಟು ಉದ್ದ, ಇಷ್ಟು ಎತ್ತರ, ಇಷ್ಟು ಆಳ ಹನಿಕೂಂಬ್ ಇದೆ. ಫೋಟೋ ಜೊತೆಗಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷಿಸಿ, ರಿಪೇರಿ ಹೇಗೆ ಅಂತ ಬರೆದು ಕೊಡಲಿ. ಅಲ್ಲಿಯ ತನಕ ಆ ಪಿಲ್ಲರಿಗೆ ಪ್ಲಾಸ್ಟರ್ ಮಾಡಬೇಡಿ. ಕಂತು ಕಟ್ಟಲು ನಾವು ಸಿದ್ಧರಿದ್ದೇವೆ, ಲಿಖಿತ ಉತ್ತರ ಬರುವ ತನಕ ಬಡ್ಡಿ ಇಲ್ಲದೆ ಗಡುವು ಮುಂದೂಡಿ." ಫೋಟೋದಲ್ಲಿ ಟೇಪು ಹಿಡಿದು ಅಳತೆ ಕಾಣುವ ಹಾಗೆ ತೆಗೆಯಿರಿ, ಪಿಲ್ಲರಿನ ನಂಬರೂ ಬರಲಿ. ಬರೀ ಜಲ್ಲಿಯ ಫೋಟೋ ಯಾವ ಕಟ್ಟಡದ್ದಾದರೂ ಆಗಬಹುದು.

ಉತ್ತರವೇ ಬರದೆ ಗಡುವು ಹತ್ತಿರ ಬಂದರೆ? ಹನಿಕೂಂಬ್ ಒಂದೇ ಪಿಲ್ಲರಿನಲ್ಲಿ, ಕೀ ಒಂದು ಸೆಂಟಿಮೀಟರಿನ ಒಳಗೇ ನಿಲ್ಲುತ್ತದೆ ಅನ್ನುವಂತಿದ್ದರೆ, ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇವೆ ಅಂತ ಇಮೇಲಿನಲ್ಲಿ ಬರೆದು ಕಟ್ಟಿ. ಇದರಲ್ಲಿ ಒತ್ತಡ ಹಾಕುವ ಕೈ ಸ್ವಲ್ಪ ಸಡಿಲ ಆಗುತ್ತದೆ, ಆದರೆ ಬಡ್ಡಿಯ ಭಯ ಇಲ್ಲ, ದಾಖಲೆಯೂ ಉಳಿಯುತ್ತದೆ. ಕಂಬಿಯೇ ಕಾಣುತ್ತಿದೆ, ಬೀಮ್ ಸೇರುವ ನೆತ್ತಿಯಲ್ಲಿದೆ, ಅಥವಾ ಮೂರು ನಾಲ್ಕು ಮಹಡಿಯಲ್ಲಿ ಕಂಡಿದೆ ಅಂದರೆ ಹಾಗೆ ಕಟ್ಟಬೇಡಿ. ಬಿಲ್ಡರಿಗೆ ಸಂಬಂಧ ಇಲ್ಲದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದುಕೊಂಡು ಹೋಗಿ, ವಕೀಲರ ಹತ್ತಿರ ಒಪ್ಪಂದ ತೋರಿಸಿ. ಸಾಲದ ದುಡ್ಡು ಬ್ಯಾಂಕಿನಿಂದ ನೇರವಾಗಿ ಹೋಗುವುದಾದರೆ, ತಡೆಹಿಡಿಯಲು ಬ್ಯಾಂಕಿಗೂ ಅದೇ ದಿನ ಬರೆಯಿರಿ. ಅದೇ ಸಾಲಿನ ಮನೆ ಕೊಂಡವರನ್ನೂ ಸೇರಿಸಿಕೊಳ್ಳಿ. ಆ ಪಿಲ್ಲರ್ ಕೆಳಗಿನಿಂದ ಮೇಲಿನ ತನಕ ಅವರೆಲ್ಲರದ್ದೂ ಹೌದು.

ರಿಪೇರಿಗೆ ಒಪ್ಪಿದರೆ, ಬುಡ ಒಡೆದ ದಿನ ಹೋಗಿ. ಹೊಸದು ತುಂಬುವ ಮುಂಚೆ ಹೋಗಬೇಕು, ಆಮೇಲಲ್ಲ. ಸಡಿಲ ಜಲ್ಲಿ ಒಂದೂ ಉಳಿದಿರಬಾರದು, ಕಂಬಿಯ ಹಿಂದೆಯೂ ಬೆರಳು ತೂರುವಷ್ಟು ಜಾಗ ಒಡೆದಿರಬೇಕು, ಪೊಳ್ಳು ಅಲ್ಲಿಗೇ ನಿಂತಿದೆಯಾ ಅಂತ ಸುತ್ತ ತಟ್ಟಿ ನೋಡಿರಬೇಕು. ತುಂಬಲು ತಂದಿಟ್ಟ ಚೀಲದ ಮೇಲೆ ಏನು ಬರೆದಿದೆ ಅಂತ ಫೋಟೋ ತೆಗೆಯಿರಿ. ಕುಗ್ಗದ ಗ್ರೌಟ್ ಅಥವಾ ಮೈಕ್ರೋ ಕಾಂಕ್ರೀಟ್ ಅಂತ ಇರಬೇಕು. ಪಕ್ಕದಲ್ಲಿ ಬಾಣಲೆಯಲ್ಲಿ ಮರಳು ಸಿಮೆಂಟ್ ಕಲಸುತ್ತಾ ಕೂತಿದ್ದರೆ ಅಲ್ಲೇ ನಿಲ್ಲಿಸಿ, ರಿಪೇರಿ ಹೇಗೆ ಅಂತ ಎಂಜಿನಿಯರ್ ಬರೆದುಕೊಟ್ಟ ಹಾಳೆ ತೋರಿಸಿ ಅನ್ನಿ.